ನೂರು ಪ್ರತಿಗೆ 140 ಯಾಕಾಗುವುದಿಲ್ಲ?

“ಸಾವಿರ ಹ್ಯಾಂಡ್‌ಬಿಲ್‌ಗೆ 1,400 ಅಂತೀರಿ. ನಂಗೆ ನೂರೇ ಸಾಕು ಅಣ್ಣ, 140 ತಗೊಳ್ಳಿ.” ಊರಿನ ಸಣ್ಣ ಪ್ರೆಸ್ಸುಗಳಲ್ಲಿ ಈ ಮಾತು ಆಗಾಗ ಕೇಳಿಬರುತ್ತದೆ. ಪ್ರೆಸ್ಸಿನವರು ಒಪ್ಪುವುದಿಲ್ಲ, ಗಿರಾಕಿಗೆ ಅದು ದುರಾಸೆಯಂತೆ ಕಾಣುತ್ತದೆ. ಆದರೆ ನೂರು ಪ್ರತಿಯ ಖರ್ಚು ಸಾವಿರದ ಖರ್ಚಿನ ಹತ್ತನೇ ಒಂದು ಭಾಗ ಅಲ್ಲವೇ ಅಲ್ಲ.

ಒಂದೇ ಬಣ್ಣದ ಸಣ್ಣ ಆಫ್‌ಸೆಟ್ ಯಂತ್ರ ಇರುವ ಪ್ರೆಸ್ಸೊಂದನ್ನು ಊಹಿಸಿಕೊಳ್ಳಿ. ದರಗಳು ಊರಿಂದೂರಿಗೆ ಬೇರೆ, ಇಲ್ಲಿರುವುದು ಲೆಕ್ಕದ ಅನುಕೂಲಕ್ಕೆ ಹಿಡಿದ ಅಂಕಿ. ಮಳಿಗೆಯ ಬಾಡಿಗೆ, ಆಪರೇಟರ್ ಮತ್ತು ಸಹಾಯಕನ ಸಂಬಳ, ಯಂತ್ರದ ಸಾಲದ ಕಂತು, ರಿಪೇರಿಗೆ ಎತ್ತಿಡುವ ಹಣ ಎಲ್ಲ ಸೇರಿ ತಿಂಗಳಿಗೆ 50,000 ರೂಪಾಯಿ. ಒಂದು ಹಾಳೆಯೂ ಅಚ್ಚಾಗದಿದ್ದರೂ ಇದು ತಪ್ಪುವುದಿಲ್ಲ. ಇದು ಸ್ಥಿರ ವೆಚ್ಚ. ಕಾಗದ ಮತ್ತು ಇಂಕು ಹಾಗಲ್ಲ, ಅಚ್ಚಾದಷ್ಟೇ ಖರ್ಚು. ಎ4 ಹಾಳೆಗೆ 50 ಪೈಸೆ, ಇಂಕಿಗೆ 5 ಪೈಸೆ ಅನ್ನೋಣ. ಇದು ಬದಲಾಗುವ ವೆಚ್ಚ. ಕರೆಂಟ್ ಬಿಲ್ಲಿನಲ್ಲಂತೂ ಎರಡೂ ಒಂದೇ ಚೀಟಿಯಲ್ಲಿರುತ್ತವೆ: ಮೇಲೆ ನಿಗದಿತ ಶುಲ್ಕ, ಕೆಳಗೆ ಓಡಿದ ಯೂನಿಟ್ಟಿನ ದುಡ್ಡು.

ಇವೆರಡರ ನಡುವೆ ಮೂರನೆಯದೊಂದಿದೆ. ಗಿರಾಕಿಗೆ ಕಾಣದೇ ಇರುವುದು ಅದೇ. ಜಾಬ್ ಒಪ್ಪಿಕೊಂಡ ಕೂಡಲೇ ಡಿಟಿಪಿ ಮಾಡಬೇಕು, ಪ್ಲೇಟು ತೆಗೆಸಬೇಕು, ಬ್ಲ್ಯಾಂಕೆಟ್ ತೊಳೆಯಬೇಕು, ಇಂಕು ಮತ್ತು ನೀರಿನ ಹದ ಕೂಡಿಸಬೇಕು. ಹದ ಬರುವವರೆಗೆ ಐವತ್ತು ಹಾಳೆಯಾದರೂ ಮಸಿಯಾಗಿಯೋ ಮಾಸಲಾಗಿಯೋ ರದ್ದಿಗೆ ಹೋಗುತ್ತವೆ. ಡಿಟಿಪಿ ಮತ್ತು ಪ್ಲೇಟಿಗೆ 300, ಹಾಳಾದ ಕಾಗದಕ್ಕೆ 25, ಒಟ್ಟು 325 ರೂಪಾಯಿ. ತಿಂಗಳ ಲೆಕ್ಕದಲ್ಲಿ ಇದು ಜಾಬ್ ಬಂದಷ್ಟೂ ಏರುವ ಖರ್ಚು, ಆದರೆ ಆ ಒಂದು ಜಾಬ್‌ನೊಳಗೆ ಸ್ಥಿರ: ನೂರು ಪ್ರತಿಗೂ ಅಷ್ಟೇ, ಐದು ಸಾವಿರಕ್ಕೂ ಅಷ್ಟೇ.

ಈಗ ಕೂಡಿ ನೋಡಿ. ನೂರು ಪ್ರತಿಗೆ 325ರ ಮೇಲೆ ಕಾಗದ, ಇಂಕಿನ 55 ಸೇರಿ 380 ರೂಪಾಯಿ, ಅಂದರೆ ಪ್ರತಿಗೆ 3 ರೂಪಾಯಿ 80 ಪೈಸೆ. ಸಾವಿರಕ್ಕೆ 875, ಪ್ರತಿಗೆ 88 ಪೈಸೆಯೂ ಇಲ್ಲ. ಐದು ಸಾವಿರಕ್ಕೆ 3,075, ಪ್ರತಿಗೆ 62 ಪೈಸೆಯ ಒಳಗೆ. ಬಾಡಿಗೆ, ಸಂಬಳ ಇನ್ನೂ ಸೇರಿಲ್ಲ! ನೂರೇ ಬೇಕಾದವರು ಜೆರಾಕ್ಸ್ ಅಂಗಡಿಗೆ ಹೋಗುವುದೇ ಸರಿ. ಅಲ್ಲಿ ಪ್ರತಿಗೆ ಒಂದೂವರೆ ರೂಪಾಯಿ ಹಿಡಿದರೂ 150ಕ್ಕೆ ಮುಗಿಯುತ್ತದೆ, ಯಾಕೆಂದರೆ ಪ್ಲೇಟಿನ ಗೊಡವೆಯಿಲ್ಲ.

ಸಾವಿರದ ಜಾಬ್‌ಗೆ 1,400 ತೆಗೆದುಕೊಂಡರೆ 525 ಉಳಿಯುತ್ತದೆ. ಇದನ್ನು ಲಾಭ ಎಂದು ಜೇಬಿಗೆ ಹಾಕಿಕೊಳ್ಳುವಂತಿಲ್ಲ, ಮೊದಲು ತಿಂಗಳ 50,000 ತುಂಬಬೇಕು. ಅದಕ್ಕೆ ಇಂಥ 96 ಜಾಬ್ ಬೇಕು, ದಿನಕ್ಕೆ ಹತ್ತಿರಹತ್ತಿರ ನಾಲ್ಕು. ತೊಂಬತ್ತೇಳನೆಯದರಿಂದ ಲಾಭ.

ಹಲವರು ಎಡವುವುದು ಆಷಾಢದಲ್ಲಿ. ಮದುವೆಯಿಲ್ಲ, ಗೃಹಪ್ರವೇಶವಿಲ್ಲ, ಲಗ್ನಪತ್ರಿಕೆಗಳೂ ಇಲ್ಲ. ತಿಂಗಳಿಗೆ ಐವತ್ತೇ ಜಾಬ್ ಬಂದವೆನ್ನಿ. ಸ್ಥಿರ ವೆಚ್ಚವನ್ನು ಐವತ್ತಕ್ಕೆ ಹಂಚಿದರೆ ಒಂದೊಂದರ ತಲೆಗೆ 1,000. 875ಕ್ಕೆ ಅದನ್ನು ಸೇರಿಸಿ 1,875 ಕೇಳಿದರೆ ಗಿರಾಕಿ ಪಕ್ಕದ ಬೀದಿಗೆ ನಡೆಯುತ್ತಾನೆ. ಆಮೇಲೆ ನಲವತ್ತಕ್ಕೆ ಹಂಚಬೇಕು, ದರ ಇನ್ನೂ ಏರುತ್ತದೆ. ಲೆಕ್ಕ ಸರಿಯಾಗಿದ್ದೇ ಅಂಗಡಿ ಮುಚ್ಚುವ ದಾರಿ ಇದು. ಯಂತ್ರ ಸುಮ್ಮನೆ ನಿಂತಿರುವಾಗ 1,100ಕ್ಕೆ ಕೇಳಿದವರಿಗೂ ಮಾಡಿಕೊಡುವುದು ವಾಸಿ. ಬಾಡಿಗೆ ಹೇಗೂ ಕೊಡಲೇಬೇಕು, ಅದಕ್ಕೆ 225 ಆದರೂ ಸೇರುತ್ತದೆ. 850ಕ್ಕೆ ಕೇಳಿದರೆ ಮಾತ್ರ ಕೈ ಮುಗಿಯಬೇಕು, ಅದು ಕೈಯಿಂದ ದುಡ್ಡು ಹಾಕಿ ಅಚ್ಚು ಮಾಡಿಕೊಟ್ಟ ಹಾಗೆ.

ಆದರೆ ಆಷಾಢದ ದರ ಬಾಯಿಂದ ಬಾಯಿಗೆ ಹಬ್ಬುತ್ತದೆ. ಶ್ರಾವಣದಲ್ಲೂ ಎಲ್ಲರೂ 1,100 ಅಂದರೆ, 50,000 ತುಂಬಲು 96ರ ಬದಲು 223 ಜಾಬ್ ಬೇಕು. ಒಂದು ಯಂತ್ರಕ್ಕೆ ಅದು ಆಗುವ ಮಾತಲ್ಲ. ಅದಕ್ಕೇ ಜಾಣರು ದರ ಇಳಿಸುವುದಿಲ್ಲ. “1,400ಕ್ಕೇ ಇನ್ನೂರು ಹೆಚ್ಚಿಗೆ ಹಾಕಿಕೊಡ್ತೀನಿ” ಅನ್ನುತ್ತಾರೆ. ಆ ಇನ್ನೂರರ ಖರ್ಚು 110 ರೂಪಾಯಿ ಮಾತ್ರ.

ಮದುವೆಯ ಕಾಲದಲ್ಲಿ ಲೆಕ್ಕವೇ ಬೇರೆ. ಆಗ ಇಲ್ಲದಿರುವುದು ಕೆಲಸವಲ್ಲ, ಯಂತ್ರದ ಹೊತ್ತು. ನಂಬರಿಂಗ್, ಬೈಂಡಿಂಗ್ ಎಲ್ಲ ಇರುವ ಬಿಲ್ ಬುಕ್ ಜಾಬ್‌ನಲ್ಲಿ 1,200 ಉಳಿದರೂ ಅದು ಆಪರೇಟರ್‌ನ ನಾಲ್ಕು ಗಂಟೆ ತಿಂದರೆ ಗಂಟೆಗೆ 300. ಗಂಟೆಯೊಳಗೆ ಮುಗಿಯುವ ಹ್ಯಾಂಡ್‌ಬಿಲ್‌ನಲ್ಲಿ 525. ಆಗ ಬಿಲ್ ಬುಕ್ಕಿನವರಿಗೆ “ಹದಿನೈದು ದಿನ ತಡ ಆಗುತ್ತೆ” ಅನ್ನುವ ಪ್ರೆಸ್ಸಿನವರಿಗೆ ಗತ್ತು ಬಂದಿದೆ ಅಂದುಕೊಳ್ಳಬೇಕಿಲ್ಲ. ಅದೇ ಬಿಲ್ ಬುಕ್ಕು ಆಷಾಢದಲ್ಲಿ ಬಂದರೆ ಕುರ್ಚಿ ಹಾಕಿ, ಟೀ ತರಿಸಿ ಕೂರಿಸುತ್ತಾರೆ.