ಮಾತ್ಸುಮೋಟೋದಿಂದ ಬಂದ ಮಾತ್ರೆ

ಸಾಯುತ್ತಾನೆ ಎಂದುಕೊಂಡಿದ್ದ ರೋಗಿ ಎರಡು ವರ್ಷದ ಮೇಲೆ ಬಾಗಿಲಲ್ಲಿ ನಿಂತು, ಮೊದಲಿಗಿಂತ ಚೆನ್ನಾಗಿ ಉಸಿರಾಡುತ್ತಿದ್ದರೆ ವೈದ್ಯರು ಏನು ಮಾಡಬೇಕು? ಟೋಕಿಯೋದ ಕೊಮಾಗೊಮೆ ಆಸ್ಪತ್ರೆಯಲ್ಲಿದ್ದ ಶೋಜಿ ಕುಡೊ, ಆ ರೋಗಿಯ ಹಳೆಯ ಔಷಧಿ ದಾಖಲೆ ನೋಡಿದರು. ವೈದ್ಯಕೀಯದಲ್ಲಿ ಬಹಳ ಕಥೆಗಳು ಶುರುವಾಗುವುದು ಹೀಗೆಯೇ, ಇನ್ನೊಬ್ಬರು ಬರೆದ ಚೀಟಿಯನ್ನು ಯಾರೋ ಒಬ್ಬರು ಅಸಡ್ಡೆ ಮಾಡದೆ ಓದಿದಾಗ.

ರೋಗಿಗೆ ಇದ್ದದ್ದು ಡಿಫ್ಯೂಸ್ ಪ್ಯಾನ್‌ಬ್ರಾಂಕಿಯೋಲೈಟಿಸ್. ಜಪಾನಿನ ವೈದ್ಯರು 1969ರಲ್ಲಿ ಹೆಸರಿಟ್ಟ ಕಾಯಿಲೆ, ಹೆಚ್ಚಾಗಿ ಪೂರ್ವ ಏಷ್ಯಾದವರನ್ನು ಕಾಡುವಂಥದ್ದು. ಶ್ವಾಸಕೋಶದ ಸಣ್ಣ ಸಣ್ಣ ಕೊಳವೆಗಳು ಊದಿಕೊಂಡು, ದಿನವಿಡೀ ಕಫ ಬರುತ್ತದೆ. ಕೊನೆಕೊನೆಗೆ ಸ್ಯೂಡೋಮೊನಾಸ್ ಎಂಬ ಹಟಮಾರಿ ಬ್ಯಾಕ್ಟೀರಿಯಾ ಬಂದು ಬಿಡಾರ ಹೂಡುತ್ತದೆ. 1970ರ ದಶಕದಲ್ಲಿ ರೋಗ ಪತ್ತೆಯಾಗಿ ಐದು ವರ್ಷದ ಮೇಲೆ ಬದುಕಿರುತ್ತಿದ್ದವರು ನೂರಕ್ಕೆ 63 ಮಂದಿ.

ಕುಡೊ ಅವರ ರೋಗಿ ನಡುವೆ ಟೋಕಿಯೋ ಬಿಟ್ಟು ಮಾತ್ಸುಮೋಟೋ ಊರಿಗೆ ಹೋಗಿದ್ದ. ಅಲ್ಲಿನ ಒಬ್ಬ ಸಾಮಾನ್ಯ ವೈದ್ಯ ಅವನಿಗೆ ದಿನಕ್ಕೆ 600 ಮಿಲಿಗ್ರಾಂ ಎರಿಥ್ರೊಮೈಸಿನ್ ಕೊಡುತ್ತ ಬಂದಿದ್ದರು. ವಾರವೋ ಹತ್ತು ದಿನವೋ ಅಲ್ಲ, ಎರಡು ವರ್ಷ! ದೊಡ್ಡಾಸ್ಪತ್ರೆಯ ಶಿಸ್ತಿಗೆ ಇದು ತಪ್ಪು ಲೆಕ್ಕ. ಸೋಂಕನ್ನು ಕೊಲ್ಲಬೇಕಾದರೆ ಆ ಪ್ರಮಾಣ ಕಡಿಮೆ, ಸುಮ್ಮನೆ ನುಂಗಿಸುವುದಾದರೆ ಆ ಕಾಲ ತೀರಾ ಹೆಚ್ಚು. ಸಾಲದ್ದಕ್ಕೆ ಎರಿಥ್ರೊಮೈಸಿನ್‌ಗೆ ಸ್ಯೂಡೋಮೊನಾಸ್ ಸಾಯುವುದೂ ಇಲ್ಲ. ಆದರೂ ರೋಗಿ ಗುಣಮುಖನಾಗಿದ್ದ.

ಕುಡೊ ನಕ್ಕು ಚೀಟಿ ಮಡಚಿಡಲಿಲ್ಲ. 18 ರೋಗಿಗಳಿಗೆ ಅದೇ ಪ್ರಮಾಣವನ್ನು ಕೊಟ್ಟು ನೋಡಿ 1984ರಲ್ಲಿ ವರದಿ ಮಾಡಿದರು. ಜಪಾನಿನಲ್ಲಿ ಇದು ಹರಡಿದ ಮೇಲೆ, 1985ರ ನಂತರ ರೋಗ ಪತ್ತೆಯಾದವರಲ್ಲಿ ಐದು ವರ್ಷ ಬದುಕಿದವರು ನೂರಕ್ಕೆ 91. ನನಗೆ ಕಿರಿಕಿರಿಯಾಗುವುದು ಇಲ್ಲೇ. ಈ ಕಥೆ ಹೇಳುವವರೆಲ್ಲ ಕುಡೊ ಅವರ ಹೆಸರನ್ನು ಹೇಳುತ್ತಾರೆ, ಹಾಗೆ ಹೇಳಬೇಕಾದದ್ದೇ. ಆದರೆ ಎರಡು ವರ್ಷ ಮಾತ್ರೆ ಬರೆದ ಆ ಊರ ಡಾಕ್ಟರು ಬಹುಪಾಲು ಬರಹಗಳಲ್ಲಿ ‘ಸ್ಥಳೀಯ ವೈದ್ಯ’ ಅಷ್ಟೇ.

ಈ ಔಷಧಿಗೆ ಹೆಸರಿಲ್ಲದವರ ಋಣ ಮೊದಲಿಂದಲೂ ಇದೆ. ಎರಿಥ್ರೊಮೈಸಿನ್ ಸಿಕ್ಕಿದ್ದು ಫಿಲಿಪ್ಪೀನ್ಸಿನ ಇಲೊಯಿಲೊ ಪ್ರಾಂತ್ಯದ ಮಣ್ಣಿನಲ್ಲಿ. ಅಲ್ಲಿನ ವೈದ್ಯ ಅಬೆಲಾರ್ಡೊ ಅಗಿಲಾರ್ 1949ರಲ್ಲಿ ಮಣ್ಣಿನ ಮಾದರಿಯನ್ನು ಅಮೆರಿಕದ ಎಲಿ ಲಿಲಿ ಕಂಪನಿಗೆ ಕಳಿಸಿದ್ದರು. 1952ರಲ್ಲಿ ಮದ್ದು ಬಂತು, ಊರಿನ ಹೆಸರಿನಿಂದಲೇ ‘ಇಲೊಟೈಸಿನ್’ ಎಂದು ಕರೆದರು. ಅಗಿಲಾರ್ ತಮಗೆ ಸಿಗಬೇಕಾದ ಪಾಲಿಗಾಗಿ ವರ್ಷಗಟ್ಟಲೆ ಕೇಳುತ್ತಲೇ ಇದ್ದರು, ಸಿಗಲಿಲ್ಲ. ನಮಗೆ ಗೊತ್ತಿರುವ ಅಜಿತ್ರೊಮೈಸಿನ್ ಅದೇ ಕುಟುಂಬದ ಮರಿಮಗ. 1980ರಲ್ಲಿ ಝಾಗ್ರೆಬ್‌ನ ಪ್ಲಿವಾ ಕಂಪನಿಯವರು ಎರಿಥ್ರೊಮೈಸಿನ್‌ನ ಅಣುವನ್ನು ಸ್ವಲ್ಪ ತಿದ್ದಿ ಮಾಡಿದ್ದು. ಹೊಟ್ಟೆ ಅಷ್ಟು ಕೆಡಿಸುವುದಿಲ್ಲ, ದೇಹದಲ್ಲಿ ಹೆಚ್ಚು ದಿನ ಉಳಿಯುತ್ತದೆ. ಹಾಗಾಗಿ ವಾರಕ್ಕೆ ಮೂರು ದಿನ ಕೊಟ್ಟರೂ ಸಾಕು. ಈ ಕುಟುಂಬದ ಹೆಸರು ಮ್ಯಾಕ್ರೊಲೈಡ್.

ಕೊಲ್ಲದ ಮದ್ದು ಹೇಗೆ ಕೆಲಸ ಮಾಡಿತು? ಸೋಂಕಿನ ಜಾಗಕ್ಕೆ ನಮ್ಮದೇ ಬಿಳಿರಕ್ತಕಣಗಳು ನುಗ್ಗಿ, ಶತ್ರುವಿಗೆಂದು ಎರಚಿದ ಕಿಣ್ವಗಳಿಂದ ನಮ್ಮದೇ ಕೊಳವೆಯ ಗೋಡೆಯನ್ನು ಸುಡುತ್ತವೆ. ಮ್ಯಾಕ್ರೊಲೈಡ್ ಆ ಕಣಗಳನ್ನು ಕರೆಯುವ ಸಂಕೇತಗಳನ್ನು ತಗ್ಗಿಸುತ್ತದೆ, ಕಫ ಉಕ್ಕುವುದನ್ನು ಕಡಿಮೆ ಮಾಡುತ್ತದೆ. ಸ್ಯೂಡೋಮೊನಾಸ್‌ಗಳು ಒಂದಕ್ಕೊಂದು ರಾಸಾಯನಿಕದಲ್ಲಿ ಪಿಸುಗುಟ್ಟಿ ಕೋಟೆ ಕಟ್ಟಿಕೊಳ್ಳುವುದಕ್ಕೂ ಅಡ್ಡ ಬರುತ್ತದೆ. ಬೆಂಕಿ ಆರಿಸುವುದಕ್ಕಿಂತ ಗಾಳಿ ಹಾಕುವವರನ್ನು ಕೂರಿಸುವ ಕೆಲಸ.

ಇದೇ ತರ್ಕ ಬ್ರಾಂಕಿಯೆಕ್ಟೇಸಿಸ್‌ಗೂ ಹೊಂದಿತು. ಇದರಲ್ಲಿ ಶ್ವಾಸನಾಳಗಳು ಶಾಶ್ವತವಾಗಿ ಅಗಲವಾಗಿ ಜೋಲಿ ಬೀಳುತ್ತವೆ, ಕಫ ತಾನಾಗಿ ಮೇಲೆ ಬರುವುದಿಲ್ಲ. ನಿಂತ ನೀರಿನಲ್ಲಿ ಪಾಚಿ ಕಟ್ಟಿದಂತೆ ಸೋಂಕು ಕೂರುತ್ತದೆ. ಆಗಾಗ ಕಫ ಹಸಿರಾಗಿ, ಜ್ವರ ಬಂದು, ಉಸಿರು ಕಟ್ಟಿ ಕಾಯಿಲೆ ಉಲ್ಬಣವಾಗುತ್ತದೆ. ಜಪಾನಿನ ಅನುಭವ ಹೊರಗೆ ತಲುಪಿ, ಈ ಕಾಯಿಲೆಯಲ್ಲಿ ದೊಡ್ಡ ಪರೀಕ್ಷೆಯಾಗುವ ಹೊತ್ತಿಗೆ ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಕಳೆದಿತ್ತು. 2012ರಲ್ಲಿ ನ್ಯೂಜಿಲೆಂಡಿನ 141 ರೋಗಿಗಳ ಅಧ್ಯಯನ ಬಂತು. ವಾರಕ್ಕೆ ಮೂರು ದಿನ 500 ಮಿಲಿಗ್ರಾಂ ಅಜಿತ್ರೊಮೈಸಿನ್ ತಿಂದವರಲ್ಲಿ ಆರು ತಿಂಗಳಲ್ಲಿ ಸರಾಸರಿ 0.59 ಉಲ್ಬಣ, ಹುಸಿ ಮಾತ್ರೆ ತಿಂದವರಲ್ಲಿ 1.57. ಮರುವರ್ಷ ನೆದರ್ಲೆಂಡ್ಸ್ ಮತ್ತು ಆಸ್ಟ್ರೇಲಿಯಾದಿಂದಲೂ ಇದೇ ದಿಕ್ಕಿನ ಉತ್ತರ ಬಂತು.

ಆಸ್ಟ್ರೇಲಿಯಾದವರು ಕಹಿಯನ್ನೂ ಬರೆದರು. ಮದ್ದು ತಿಂದವರ ಗಂಟಲಿನಲ್ಲಿ ಸುಮ್ಮನಿರುವ ಸ್ಟ್ರೆಪ್ಟೊಕಾಕಸ್‌ಗಳು ಮ್ಯಾಕ್ರೊಲೈಡ್‌ಗೆ ಬಗ್ಗದಂತಾದವು. ಲಾಭ ರೋಗಿಗೆ, ಸಾಲ ಊರಿಗೆಲ್ಲ ಎಂಬ ತಕರಾರು ಇನ್ನೂ ಮುಗಿದಿಲ್ಲ. ಅದಕ್ಕೇ ವರ್ಷದಲ್ಲಿ ಮೂರು ಅಥವಾ ಹೆಚ್ಚು ಸಲ ಉಲ್ಬಣವಾಗುವವರಿಗೆ, ಅದೂ ಕಫ ತೆಗೆಯುವ ವ್ಯಾಯಾಮ ಸರಿಯಾಗಿ ಮಾಡಿಯೂ ಆಗದಿದ್ದರೆ ಮಾತ್ರ, ಈ ಚಿಕಿತ್ಸೆ ಎಂದು ಬ್ರಿಟನ್ನಿನ ಮಾರ್ಗಸೂಚಿ ಹೇಳುತ್ತದೆ. ಹೊಸ ಪುಸ್ತಕ ಓದಿದ ಉತ್ಸಾಹದಲ್ಲಿ ಎಲ್ಲ ಕೆಮ್ಮಿಗೂ ಬರೆದುಕೊಡುವಂಥದ್ದಲ್ಲ.

ನಮ್ಮಲ್ಲಿ ಇದಕ್ಕೆ ಬೇರೆಯೇ ಹಿನ್ನೆಲೆ ಇದೆ. ಭಾರತದ 2195 ರೋಗಿಗಳ ದಾಖಲೆ 2019ರಲ್ಲಿ ಪ್ರಕಟವಾದಾಗ ಬ್ರಾಂಕಿಯೆಕ್ಟೇಸಿಸ್‌ಗೆ ಮೊದಲ ಕಾರಣ ಹಳೆಯ ಕ್ಷಯವೇ ಆಗಿತ್ತು, ಮೂರರಲ್ಲಿ ಒಂದಕ್ಕಿಂತ ಹೆಚ್ಚು ಪಾಲು. ಅರಸೀಕೆರೆಯ ನನ್ನ ಚಿಕ್ಕಮ್ಮನದೂ ಇದೇ ಕಥೆ. 1980ರ ದಶಕದಲ್ಲಿ ಕ್ಷಯವಾಗಿ ಸ್ಟ್ರೆಪ್ಟೊಮೈಸಿನ್ ಸೂಜಿ ಚುಚ್ಚಿಸಿಕೊಂಡಿದ್ದರು. ವಾಸಿಯಾಯಿತು, ಆದರೆ ಬಲಗಡೆಯ ಶ್ವಾಸಕೋಶದ ಮೇಲ್ಭಾಗ ಹಾಳಾಗಿ ಉಳಿಯಿತು. 61ನೇ ವಯಸ್ಸಿನಲ್ಲಿ ಒಂದೇ ವರ್ಷದಲ್ಲಿ ನಾಲ್ಕು ಸಲ ಉಲ್ಬಣ.

ಶ್ವಾಸಕೋಶದ ಡಾಕ್ಟರು ಕೂಡಲೇ ಮಾತ್ರೆ ಬರೆಯಲಿಲ್ಲ. ಮೊದಲು ಕಫದ ಕಲ್ಚರ್, ಆರು ವಾರ ಕಾಯಬೇಕು ಎಂದರು. ಚಿಕ್ಕಮ್ಮನಿಗೆ ಸಿಟ್ಟು ಬಂತು. ‘ಅಷ್ಟರೊಳಗೆ ನಾನು ಇರಬೇಕಲ್ಲೋ?’ ಎಂದರು. ಕಾರಣ ಇತ್ತು. ಕ್ಷಯದ ದಾಯಾದಿ ಬ್ಯಾಕ್ಟೀರಿಯಾಗಳು ಕೆಲವು ಬ್ರಾಂಕಿಯೆಕ್ಟೇಸಿಸ್ ಇರುವ ಶ್ವಾಸಕೋಶದಲ್ಲಿ ಅಡಗಿರುತ್ತವೆ. ಅವುಗಳಿಗೆ ಇರುವ ಮುಖ್ಯ ಮದ್ದೇ ಮ್ಯಾಕ್ರೊಲೈಡ್. ಒಂಟಿಯಾಗಿ ಕೊಟ್ಟರೆ ಅವು ಪಳಗಿ ಬಗ್ಗದಂತಾಗುತ್ತವೆ, ಆಮೇಲೆ ಬೇಕಾದಾಗ ಮದ್ದಿಲ್ಲ. ಕ್ಷಯ ಹುಡುಕುವ ಬೇಗನೆ ಬರುವ ಪರೀಕ್ಷೆಯಲ್ಲಿ ಈ ದಾಯಾದಿಗಳು ಸಿಕ್ಕುವುದಿಲ್ಲ. ಚಿಕ್ಕಮ್ಮನ ಕಲ್ಚರ್‌ನಲ್ಲಿ ಏನೂ ಬೆಳೆಯಲಿಲ್ಲ.

ಮಧ್ಯೆ ಕಿವಿ ಪರೀಕ್ಷೆ. ಮುಚ್ಚಿದ ಕೋಣೆಯಲ್ಲಿ ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗಲೆಲ್ಲ ಗುಂಡಿ ಒತ್ತಬೇಕು. ಈ ಮದ್ದು ಕೆಲವರಲ್ಲಿ ಕಿವಿ ಮಂದ ಮಾಡುತ್ತದೆ, ಇನ್ನು ಕೆಲವರಿಗೆ ಜೀರುಂಡೆ ಕೂಗಿದಂಥ ಸದ್ದು ಬರುತ್ತದೆ. ಹಲವರಲ್ಲಿ ಮಾತ್ರೆ ನಿಲ್ಲಿಸಿದರೆ ಸರಿಯಾಗುತ್ತದೆ, ಎಲ್ಲರಿಗೂ ಆಗುತ್ತದೆಂದು ನೆಚ್ಚುವಂತಿಲ್ಲ. ಹಾಳೆಯಲ್ಲಿ ಚಿಕ್ಕಮ್ಮನ ಗೆರೆ 4000 ಹರ್ಟ್ಜ್‌ನಿಂದ ಆಚೆಗೆ ಇಳಿಜಾರಾಗಿತ್ತು. ವಯಸ್ಸಿನದ್ದಿರಬಹುದು, ಹಳೆಯ ಸ್ಟ್ರೆಪ್ಟೊಮೈಸಿನ್‌ನದ್ದೂ ಇರಬಹುದು, ಅದೂ ಕಿವಿಗೆ ವಿಷವೇ. ಹೊಸ ಮಾತ್ರೆ ಮುಟ್ಟುವ ಮೊದಲೇ ಈ ಇಳಿಜಾರು ಇತ್ತೆಂಬುದು ಕಾಗದದಲ್ಲಿ ಸೇರಿಕೊಂಡಿದ್ದು ದೊಡ್ಡದಾಯಿತು. ಆರನೇ ತಿಂಗಳಲ್ಲಿ ಟೀವಿ ಸದ್ದು ಜಾಸ್ತಿ ಮಾಡುತ್ತಿದ್ದಾರೆಂದು ಮಗ ಗಾಬರಿಯಾದಾಗ ಮತ್ತೆ ಪರೀಕ್ಷೆ ಮಾಡಿಸಿದರು. ಎರಡು ಹಾಳೆಗಳನ್ನೂ ಒಂದರ ಮೇಲೊಂದಿಟ್ಟು ಕಿಟಕಿಗೆ ಹಿಡಿದರೆ ಗೆರೆಗಳು ಒಂದೇ. ಮಾತ್ರೆ ಮುಂದುವರಿಯಿತು.

ಹೃದಯದ ಕಥೆ ಅಷ್ಟು ಸಲೀಸಲ್ಲ. ಪ್ರತಿ ಬಡಿತದ ಮೇಲೆ ಹೃದಯ ಮತ್ತೆ ವಿದ್ಯುತ್ ತುಂಬಿಕೊಂಡು ತಯಾರಾಗಬೇಕು, ಅದಕ್ಕೆ ಪೊಟ್ಯಾಸಿಯಂ ಹೊರಹೋಗುವ ಬಾಗಿಲು ಬೇಕು. ಮ್ಯಾಕ್ರೊಲೈಡ್ ಆ ಬಾಗಿಲನ್ನು ಅರ್ಧ ಮುಚ್ಚುತ್ತದೆ. ಇಸಿಜಿಯಲ್ಲಿ ಇದು ಕಾಣುವುದು ಕ್ಯೂಟಿ ಎಂಬ ಅಂತರ ಉದ್ದವಾದಾಗ. ತೀರಾ ಉದ್ದವಾದರೆ ಬಡಿತ ದಾರಿ ತಪ್ಪಿ ಪ್ರಾಣಕ್ಕೇ ಬರಬಹುದು. 2012ರಲ್ಲಿ ಅಮೆರಿಕದ ಟೆನೆಸ್ಸಿಯ ದಾಖಲೆಗಳಿಂದ ಒಂದು ಲೆಕ್ಕ ಬಂತು. ಐದು ದಿನದ ಅಜಿತ್ರೊಮೈಸಿನ್ ಹತ್ತು ಲಕ್ಷ ಸಲ ಕೊಟ್ಟರೆ, ಅಮಾಕ್ಸಿಸಿಲಿನ್ ಕೊಟ್ಟದ್ದಕ್ಕಿಂತ ಹೃದಯದ ಸಾವು 47 ಹೆಚ್ಚು. ಮರುವರ್ಷ ಅಮೆರಿಕದ ಔಷಧಿ ಇಲಾಖೆ ಎಚ್ಚರಿಕೆ ಹೊರಡಿಸಿತು. ಸಂಖ್ಯೆ ಸಣ್ಣದು, ಆದರೆ ಮೊದಲೇ ಹೃದ್ರೋಗ ಇದ್ದವರಲ್ಲಿ ಅದು ಹಲವು ಪಟ್ಟು ಹಿಗ್ಗಿತ್ತು. ವರ್ಷಗಟ್ಟಲೆ ತಿನ್ನುವವರಿಗೆ ಇಸಿಜಿ ಕಡ್ಡಾಯವಾದದ್ದರ ಹಿಂದೆ ಇದೂ ಇದೆ.

ಹೃದಯ ವೇಗವಾಗಿ ಬಡಿದರೆ ಕ್ಯೂಟಿ ತಾನೇ ಚಿಕ್ಕದಾಗುತ್ತದೆ. ಹಾಗಾಗಿ ಅದನ್ನು ಎರಡು ಬಡಿತಗಳ ನಡುವಿನ ಅವಧಿಯ ವರ್ಗಮೂಲದಿಂದ ಭಾಗಿಸಿ ತಿದ್ದುತ್ತಾರೆ. ಚಿಕ್ಕಮ್ಮನ ಮೊದಲ ಇಸಿಜಿಯಲ್ಲಿ ನಿಮಿಷಕ್ಕೆ 75 ಬಡಿತ, ಅಂದರೆ ಬಡಿತಗಳ ನಡುವೆ 0.8 ಸೆಕೆಂಡು, ಅದರ ವರ್ಗಮೂಲ 0.894. ಕ್ಯೂಟಿ 400 ಮಿಲಿಸೆಕೆಂಡು. ಭಾಗಿಸಿದರೆ 447. ಗಂಡಸರಲ್ಲಿ 450, ಹೆಂಗಸರಲ್ಲಿ 470 ದಾಟಿದ್ದರೆ ಮಾತ್ರೆ ಶುರುಮಾಡುವಂತಿಲ್ಲ. ಇವರು ಒಳಗೇ ಇದ್ದರು. ವಾರಕ್ಕೆ ಮೂರು ದಿನ 500 ಮಿಲಿಗ್ರಾಂ ಶುರುವಾಯಿತು.

ಒಂದು ತಿಂಗಳಿಗೆ ಮತ್ತೆ ಇಸಿಜಿ. ಈ ಸಲ ಬಡಿತ 88, ಕ್ಯೂಟಿ ಮಾತ್ರ ಅದೇ 400. ವೇಗ ಹೆಚ್ಚಾದರೆ ಚಿಕ್ಕದಾಗಬೇಕಿದ್ದ ಅಂತರ ಹಾಗೇ ಉಳಿದಿತ್ತು. ಲೆಕ್ಕ ಹಾಕಿದರೆ 484.

ಡಾಕ್ಟರು ‘ಮನೆಯಲ್ಲಿ ತಿನ್ನುವುದನ್ನೆಲ್ಲ ತನ್ನಿ, ಪ್ಯಾಕೆಟ್ ಸಮೇತ’ ಎಂದರು. ಪ್ಲಾಸ್ಟಿಕ್ ಚೀಲ ಮೇಜಿನ ಮೇಲೆ ಸುರಿದಾಗ ಗ್ಯಾಸಿನ ಮಾತ್ರೆಯ ಸ್ಟ್ರಿಪ್ ಸಿಕ್ಕಿತು. ಪ್ಯಾಂಟೊಪ್ರಜೋಲ್ ಜೊತೆ ಡೊಂಪೆರಿಡೋನ್, ಔಷಧಿ ಅಂಗಡಿಯಿಂದ ಕೇಳಿ ತಂದದ್ದು. ಅಜಿತ್ರೊಮೈಸಿನ್‌ಗೆ ಹೊಟ್ಟೆ ಉರಿದಾಗ ಬೆಳಗ್ಗೆ ಒಂದು ನುಂಗುತ್ತಿದ್ದರಂತೆ. ‘ಅದೇನು ಔಷಧೀನಾ? ಗ್ಯಾಸಿಂದಲ್ವಾ!’ ಎಂದರು ಚಿಕ್ಕಮ್ಮ. ಡೊಂಪೆರಿಡೋನ್ ಕೂಡ ಅದೇ ಪೊಟ್ಯಾಸಿಯಂ ಬಾಗಿಲನ್ನು ತಳ್ಳಿ ಮುಚ್ಚುತ್ತದೆ. ರಕ್ತದಲ್ಲಿ ಪೊಟ್ಯಾಸಿಯಂ ಕೂಡ ಕಡಿಮೆಯಾಗಿತ್ತು. ಮಾತ್ರೆಯಿಂದಾದ ಭೇದಿ ಒಂದು ಕಡೆ, ದಿನಕ್ಕೆ ಐದಾರು ಸಲ ಎಳೆಯುತ್ತಿದ್ದ ಸಾಲ್ಬ್ಯುಟಮಾಲ್ ಪಂಪು ಇನ್ನೊಂದು ಕಡೆ. ವಾಂತಿಗೆ ಕೊಡುವ ಒಂಡಾನ್ಸೆಟ್ರಾನ್, ಎದೆ ಸೋಂಕಿಗೆ ಬರೆಯುವ ಲಿವೊಫ್ಲಾಕ್ಸಸಿನ್, ಕೆಲವು ಖಿನ್ನತೆಯ ಮಾತ್ರೆಗಳು ಸಹ ಇದೇ ಬಾಗಿಲಿಗೆ ಬರುವ ನೆಂಟರು.

ಅಜಿತ್ರೊಮೈಸಿನ್ ನಿಲ್ಲಿಸಿ, ಡೊಂಪೆರಿಡೋನ್ ಬಿಡಿಸಿ, ಪೊಟ್ಯಾಸಿಯಂ ಸರಿಮಾಡಿ ಎರಡು ವಾರಕ್ಕೆ ನೋಡಿದರೆ 445. ಆಮೇಲೆ ವಾರಕ್ಕೆ ಮೂರು ದಿನ 250 ಮಿಲಿಗ್ರಾಂಗೆ ಇಳಿಸಿ ಮತ್ತೆ ಶುರು, ತಿಂಗಳಿಗೆ ಮತ್ತೆ ಇಸಿಜಿ. ಒಂದು ವರ್ಷದಲ್ಲಿ ಉಲ್ಬಣ ಒಮ್ಮೆ ಮಾತ್ರ. ಹಿಂದಿನ ವರ್ಷ ನಾಲ್ಕು. ವರ್ಷ ತುಂಬಿದಾಗ ಮುಂದುವರಿಸಬೇಕೇ ಬಿಡಬೇಕೇ ಎಂದು ಡಾಕ್ಟರು ಹೊಸದಾಗಿ ಯೋಚಿಸಿದರು. ಮಳೆಗಾಲ ಮುಗಿಯುವವರೆಗೆ ಇರಲಿ ಎಂದು ತೀರ್ಮಾನವಾಯಿತು.

ಈ ಮಾತ್ರೆ ತಿನ್ನುತ್ತಿರುವವರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಸಣ್ಣ ಕೆಲಸ ಮಾಡಿ. ಇಸಿಜಿ ಬರುವುದು ಶಾಖಕ್ಕೆ ಕಪ್ಪಾಗುವ ಕಾಗದದಲ್ಲಿ, ಬೀರುವಿನಲ್ಲಿ ಇಟ್ಟಲ್ಲೇ ಗೆರೆ ಮಾಸಿಹೋಗುತ್ತದೆ. ಮೊದಲ ಇಸಿಜಿಯನ್ನು, ಕಿವಿಯ ಹಾಳೆಯನ್ನು ಇವತ್ತೇ ಜೆರಾಕ್ಸ್ ಮಾಡಿಸಿ ಫೈಲಿನಲ್ಲಿಡಿ. ಅದರ ಮೇಲೆ ತಾರೀಕನ್ನೂ ಬರೆದ ಡಾಕ್ಟರ ಹೆಸರನ್ನೂ ಹಾಕಿ.