ಒಳಗಿನವರ ರೆಸ್ಯೂಮೆ ಓದುವ ಬಗೆಯೇ ಬೇರೆ

ಕಂಪನಿಯಲ್ಲಿ ಮೇಲಿನ ಗ್ರೇಡಿನ ಹುದ್ದೆಯೊಂದು ಖಾಲಿಯಾಗಿ ಎಚ್‌ಆರ್‌ನವರು ಒಳಗಿನವರಿಂದಲೇ ಅರ್ಜಿ ಕರೆದಾಗ, ಹಲವರು ಕೆಲಸಕ್ಕೆ ಸೇರುವಾಗ ಕೊಟ್ಟಿದ್ದ ಹಳೆಯ ರೆಸ್ಯೂಮೆಗೆ ಈಚಿನ ವರ್ಷಗಳನ್ನು ಸೇರಿಸಿ ಕಳಿಸಿಬಿಡುತ್ತಾರೆ. ಆ ರೆಸ್ಯೂಮೆ ಬರೆದದ್ದು ಅವರ ಪರಿಚಯವೇ ಇಲ್ಲದವರಿಗಾಗಿ. ಈಗ ಓದುವವರಿಗೆ ಅವರ ಅಪ್ರೈಸಲ್ ರೇಟಿಂಗ್ ಗೊತ್ತು, ಮ್ಯಾನೇಜರ್ ಗೊತ್ತು, ಎಷ್ಟೋ ಸಲ ಕೆಲಸವೂ ಕಣ್ಣಾರೆ ಕಂಡದ್ದೇ.

ಈಗಿನ ಹುದ್ದೆಯಲ್ಲಿ ನಿಗದಿತ ಅವಧಿ ಮುಗಿದಿದೆಯೇ, ಶಿಸ್ತು ಕ್ರಮವೇನಾದರೂ ಬಾಕಿ ಇದೆಯೇ ಎಂಬುದನ್ನು ಎಚ್‌ಆರ್ ದಾಖಲೆಯಲ್ಲೇ ನೋಡಿಕೊಳ್ಳುತ್ತದೆ. ನಿಜವಾದ ತೂಗುವಿಕೆ ಶುರುವಾಗುವುದು ಅದಾದ ಮೇಲೆ.

ಪೀಣ್ಯದ ಗೇರ್ ಕಾರ್ಖಾನೆಯೊಂದರಲ್ಲಿ ಕ್ವಾಲಿಟಿ ಎಂಜಿನಿಯರ್ ಒಬ್ಬರು ಅಸಿಸ್ಟೆಂಟ್ ಮ್ಯಾನೇಜರ್ ಹುದ್ದೆಗೆ ಅರ್ಜಿ ಹಾಕಿದ್ದಾರೆ ಎಂದಿಟ್ಟುಕೊಳ್ಳಿ. 'ರಿಜೆಕ್ಷನ್ ಅರ್ಧಕ್ಕೆ ಇಳಿಸಿದ್ದೇನೆ' ಎಂದು ಬರೆದಿದ್ದಾರೆ. ಹೊರಗಿನ ಕಂಪನಿಗೆ ಇದು ತೂಕದ ಮಾತು. ಇಲ್ಲಿ ಆಯ್ಕೆಗೆ ಕೂತಿರುವ ಪ್ರೊಡಕ್ಷನ್ ಮುಖ್ಯಸ್ಥರಿಗೆ ಹೊಸ ಗ್ರೈಂಡಿಂಗ್ ಮೆಷಿನ್ ಬಂದ ಮೇಲೆ ರಿಜೆಕ್ಷನ್ ಇಳಿದದ್ದು ನೆನಪಿದೆ. ಆ ಇಳಿಕೆ ಪೂರ್ತಿ ಅವರದೇ ಸಾಧನೆ ಎಂದುಕೊಂಡರೂ, ಅವರು ಈಗಿನ ಗ್ರೇಡಿಗೆ ತಕ್ಕವರು ಎಂಬುದಷ್ಟೇ ಅದರಿಂದ ತಿಳಿಯುತ್ತದೆ.

ಅದನ್ನೇ ಅವರು ಹೀಗೆ ಬರೆಯಬಹುದಿತ್ತು: 'ಮ್ಯಾನೇಜರ್ ರಜೆಯಲ್ಲಿದ್ದ ಎರಡು ತಿಂಗಳು ಲಾಟ್ ಬಿಡುವ, ತಡೆಯುವ ತೀರ್ಮಾನ ನನ್ನದಾಗಿತ್ತು. ಗಡಸುತನ ಕಡಿಮೆ ಇದ್ದ ಒಂದು ಲಾಟ್ ತಡೆದೆ. ಡೆಲಿವರಿ ಎರಡು ದಿನ ತಡವಾಯಿತು. ಪರ್ಚೇಸ್ ವಿಭಾಗವನ್ನು ಒಪ್ಪಿಸಿ ಸಪ್ಲೈಯರ್‌ನ ಹೀಟ್ ಟ್ರೀಟ್‌ಮೆಂಟ್ ವಿಧಾನ ಬದಲಾಯಿಸಿದೆವು. ಅದಕ್ಕೆ ಬೇಕಾದ ಪರೀಕ್ಷೆಗಳನ್ನು ನನ್ನ ಸಹೋದ್ಯೋಗಿ ಮಾಡಿದರು.' ಇದರಲ್ಲಿ ತೀರ್ಮಾನವಿದೆ, ಅದರಿಂದಾದ ನಷ್ಟವಿದೆ, ತನ್ನ ಅಧಿಕಾರಕ್ಕೆ ಒಳಪಡದ ವಿಭಾಗವನ್ನು ಒಪ್ಪಿಸಿದ್ದಿದೆ. ಮೇಲಿನ ಗ್ರೇಡಿನ ಕೆಲಸವೆಂದರೆ ಇಂಥದೇ. ಸಹೋದ್ಯೋಗಿಯ ಪಾಲನ್ನು ಹೇಳಿದ್ದಕ್ಕೂ ಬೆಲೆಯಿದೆ; ಒಬ್ಬರ ಶ್ರಮವನ್ನು ಇನ್ನೊಬ್ಬರು ತಮ್ಮದೆಂದರೆ ಒಂದು ಫೋನ್ ಕರೆಯಲ್ಲಿ ಬಯಲಾಗುತ್ತದೆ.

ಒಳ್ಳೆಯ ರೇಟಿಂಗ್ ಒಂದನ್ನೇ ನಂಬಿ ಬಡ್ತಿ ಕೊಡುವುದರ ಅಪಾಯವನ್ನು ಲಾರೆನ್ಸ್ ಪೀಟರ್ 1969ರಲ್ಲೇ ಪುಸ್ತಕವಾಗಿ ಬರೆದಿದ್ದರು. ಅಮೆರಿಕದ ಮಾರಾಟ ಸಿಬ್ಬಂದಿಯ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನವೂ ಅದಕ್ಕೆ ಪುರಾವೆ ಕೊಟ್ಟಿತು: ಹೆಚ್ಚು ಮಾರಿದವರಿಗೆ ಬಡ್ತಿ ಬೇಗ ಸಿಕ್ಕಿತ್ತು, ಆದರೆ ಅವರ ಕೈಕೆಳಗಿನವರ ಮಾರಾಟ ಕುಸಿದಿತ್ತು. ಮಾರುವುದೂ ಮಾರುವವರನ್ನು ನಡೆಸುವುದೂ ಬೇರೆ ಬೇರೆ ಕೆಲಸ. ಹಾಗಾಗಿ ರೇಟಿಂಗ್ ಕಡಿಮೆಯಿರುವವರೂ ಕೆಲವೊಮ್ಮೆ ಮುಂದಿರುತ್ತಾರೆ, ಅದು ಅನ್ಯಾಯವೆಂದು ನನಗನಿಸುವುದಿಲ್ಲ. ಅನ್ಯಾಯವಾಗುವುದು ಬೇರೆ ಕಡೆ: ಹಳೆಯ ಜಗಳವೊಂದನ್ನು ಮರೆಯದ ಮುಖ್ಯಸ್ಥರು ಆಯ್ಕೆಗೆ ಕೂತಾಗ. ಹೊರಗಿನವರಿಗೆ ಈ ಹೊರೆ ಇರುವುದಿಲ್ಲ.

ಒಳಗಿನವರಿಗೆ ಮಾತ್ರ ಎದುರಾಗುವ ಇನ್ನೊಂದು ಪ್ರಶ್ನೆಯಿದೆ: ನೀವು ಮೇಲೆ ಹೋದರೆ ಈಗಿನ ಕೆಲಸ ನೋಡಿಕೊಳ್ಳುವವರು ಯಾರು? ಉತ್ತರವಿಲ್ಲದಿದ್ದರೆ ಸ್ವಂತ ಮ್ಯಾನೇಜರೇ ಬಿಟ್ಟುಕೊಡಲು ಹಿಂಜರಿಯುತ್ತಾರೆ. ಯಾರಿಗೆ ಯಾವ ಕೆಲಸ ಕಲಿಸಿದ್ದೀರಿ, ಅವರು ಈಗ ಯಾವುದನ್ನು ಒಬ್ಬರೇ ನಿಭಾಯಿಸುತ್ತಾರೆ ಎಂಬ ಸಾಲು ರೆಸ್ಯೂಮೆಯಲ್ಲೇ ಇದ್ದರೆ ಆ ಮಾತು ಅಲ್ಲಿಗೇ ಇತ್ಯರ್ಥವಾಗುತ್ತದೆ.