ಇಸ್ಕೂಲಿನ ‘ಇ’, ಪರಾಣದ ‘ಅ’

ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಕೊಲ್ಲಾಪುರದ ಕಡೆ ಹೊರಟವರಿಗೆ ಕರ್ನಾಟಕದ ಕೊನೆಯ ಟೋಲ್ ನಾಕಾ ಸಿಗುವುದು ನಿಪ್ಪಾಣಿ ತಾಲ್ಲೂಕಿನ ಕೊಗನೊಳ್ಳಿಯಲ್ಲಿ. ಅಲ್ಲಿಂದ ಮುಂದೆ ಕಾಗಲ್, ಮರಾಠಿ ನಾಡು. ಕಬ್ಬಿನ ಟ್ರ್ಯಾಕ್ಟರು, ತಂಬಾಕಿನ ಚೀಲ, ಮದುವೆಯ ದಿಬ್ಬಣ ಎಲ್ಲವೂ ಈ ದಾರಿಯಲ್ಲಿ ಆಚೀಚೆ ಓಡಾಡುತ್ತವೆ, ಅವುಗಳ ಜೊತೆ ಪದಗಳೂ. ಒಂದು ಭಾಷೆಯ ಪದ ಇನ್ನೊಂದು ಭಾಷೆಯ ಬಾಯಿಗೆ ಬಂದಾಗ ಏನಾಗುತ್ತದೆ ಎಂದು ನೋಡುವುದಕ್ಕೆ ಇಂಥ ಗಡಿಯೂರು ಒಳ್ಳೆಯ ಜಾಗ. ಸಾಲಿ ಕಲಿಯದ ಹಿರಿಯರು ‘ಸ್ಕೂಲು’ ಎನ್ನುವುದನ್ನು ‘ಇಸ್ಕೂಲು’ ಎನ್ನುತ್ತಾರೆ. ಅವರೇ ‘ಪ್ರಾಣ’ವನ್ನು ‘ಪರಾಣ’ ಎನ್ನುತ್ತಾರೆ, ‘ಪ್ರೀತಿ’ಯನ್ನು ‘ಪಿರೀತಿ’ ಎನ್ನುತ್ತಾರೆ. ಇದು ಕೊಗನೊಳ್ಳಿಗೆ ಮಾತ್ರ ಸೀಮಿತವಲ್ಲ, ಕನ್ನಡ ನಾಡಿನ ಯಾವ ಹಳ್ಳಿಯಲ್ಲೂ ಕೇಳಬಹುದು.

ಇದನ್ನು ‘ಅಶುದ್ಧ ಉಚ್ಚಾರ’ ಎಂದು ತಳ್ಳಿಹಾಕುವವರು ಒಂದು ಸಂಗತಿಯನ್ನು ಗಮನಿಸುವುದಿಲ್ಲ. ‘ಇಸ್ಕೂಲು’ ಎನ್ನುವವರು ‘ಸಿಕೂಲು’ ಎನ್ನುವುದಿಲ್ಲ. ‘ಪರಾಣ’ ಎನ್ನುವವರು ‘ಅಪ್ರಾಣ’ ಎನ್ನುವುದಿಲ್ಲ. ಒಂದು ಕಡೆ ಸ್ವರ ಎರಡು ವ್ಯಂಜನಗಳ ಮುಂದೆ ಬಂದು ನಿಂತಿದೆ, ಇನ್ನೊಂದು ಕಡೆ ಅವೆರಡರ ನಡುವೆ ನುಸುಳಿದೆ. ಬಾಯಿ ಸೋಮಾರಿಯಾಗಿದ್ದರೆ ಇಷ್ಟು ಕಟ್ಟುನಿಟ್ಟಾಗಿ ಜಾಗ ಆರಿಸುತ್ತಿರಲಿಲ್ಲ. ಈ ಅಧ್ಯಾಯವೆಲ್ಲ ಆ ಜಾಗದ ಬಗ್ಗೆಯೇ.

ಮೊದಲು ಎರಡು ಮಾತಿನಲ್ಲಿ ಪರಿಭಾಷೆ. ಒಂದೇ ಬಲದಲ್ಲಿ ಹೇಳಿದರೂ ಕೆಲವು ಧ್ವನಿಗಳು ಹೆಚ್ಚು ಮೊಳಗುತ್ತವೆ, ಕೆಲವು ಕಡಿಮೆ. ಇದಕ್ಕೆ ಶ್ರವ್ಯತೆ ಎನ್ನೋಣ. ಬಾಯಿ ಪೂರಾ ಮುಚ್ಚಿ ತೆರೆಯುವ ಕ, ಟ, ತ, ಪ ಮುಂತಾದ ಸ್ಪರ್ಶಗಳು ಎಲ್ಲಕ್ಕಿಂತ ಕೆಳಗೆ, ಅವಕ್ಕೆ 1 ಅಂಕ ಕೊಡಿ. ಗಾಳಿ ಉಜ್ಜಿ ಬರುವ ಸ, ಶಗಳಿಗೆ 2, ಮೂಗಿನ ನ, ಮಗಳಿಗೆ 3, ರ, ಲ, ಳಗಳಿಗೆ 4, ಯ, ವಗಳಿಗೆ 5, ಸ್ವರಗಳಿಗೆ 6. ಮಾತಿನ ಪ್ರತಿ ತುಣುಕೂ ಒಂದು ಗುಡ್ಡದ ಹಾಗೆ: ನೆತ್ತಿಯಲ್ಲಿ ಸ್ವರ, ಅದರ ಕಡೆಗೆ ಏರು, ಅದನ್ನು ದಾಟಿದ ಮೇಲೆ ಇಳಿಜಾರು. ಈ ಏರಿಳಿತದ ನಿಯಮವನ್ನು ಜರ್ಮನಿಯ ಎಡುವರ್ಡ್ ಸೀವರ್ಸ್ 1881ರಲ್ಲೂ ಡೆನ್ಮಾರ್ಕಿನ ಒಟ್ಟೊ ಯೆಸ್ಪರ್ಸೆನ್ 1904ರಲ್ಲೂ ಬರೆದಿಟ್ಟರು. ಇಂದಿಗೂ ಅದರ ಹುರುಳು ಅಷ್ಟೇ.

ಕನ್ನಡ ಓದುವವರು ಎಡವುವುದು ಇಲ್ಲಿ. ನಮ್ಮ ಲಿಪಿ ‘ಮಿತ್ರ’ವನ್ನು ಮಿ, ತ್ರ ಎಂದು ಬಿಡಿಸುತ್ತದೆ. ಆದ್ದರಿಂದ ಕನ್ನಡದಲ್ಲಿ ತುಣುಕಿನ ಮೊದಲಲ್ಲಿ ಒತ್ತಕ್ಷರ ಧಾರಾಳವಾಗಿದೆ ಎಂದು ಅನ್ನಿಸುತ್ತದೆ. ಆದರೆ ನಾಲಿಗೆ ಹೇಳುವುದು ಮಿತ್–ರ ಎಂದು. ‘ಅಕ್ಕ’ ಎಂಬುದು ಅಕ್–ಕ, ‘ಬೆಂಕಿ’ ಎಂಬುದು ಬೆಙ್–ಕಿ. ಛಂದಸ್ಸು ಓದಿದವರಿಗೆ ಇದು ಗೊತ್ತಿರುವ ವಿಷಯವೇ. ಒತ್ತಕ್ಷರದ ಹಿಂದಿನ ಅಕ್ಷರ ಗುರು ಎಂದು ಎಣಿಸುವುದು ಏಕೆ? ಒತ್ತಕ್ಷರದ ಮೊದಲ ವ್ಯಂಜನ ಹಿಂದಿನ ತುಣುಕಿಗೆ ಹೋಗಿ ಸೇರಿ ಅದನ್ನು ಭಾರ ಮಾಡುತ್ತದೆ, ಅದಕ್ಕೇ. ಹಾಗಾಗಿ ಪದದ ನಡುವಿನ ಒತ್ತಕ್ಷರಗಳನ್ನು ಸದ್ಯಕ್ಕೆ ಬದಿಗಿಡಿ. ನಿಜವಾದ ಪರೀಕ್ಷೆ ನಡೆಯುವುದು ಪದದ ಎರಡು ಅಂಚುಗಳಲ್ಲಿ. ಅಲ್ಲಿ ಹೆಚ್ಚಾದ ವ್ಯಂಜನವನ್ನು ಪಕ್ಕದ ತುಣುಕಿಗೆ ದಾಟಿಸಲು ಪಕ್ಕದಲ್ಲಿ ತುಣುಕೇ ಇರುವುದಿಲ್ಲ.

ಈಗ ‘ಸ್ಕೂಲು’ ತೆಗೆದುಕೊಳ್ಳಿ. ಸ 2, ಕ 1, ಊ 6. ಏರಬೇಕಾದ ಕಡೆ ಮೊದಲು ಇಳಿದು ಆಮೇಲೆ ಏರಿದೆ, ಸಕಾರ ಒಂಟಿಯಾಗಿ ಹೊರಗೆ ಉಳಿದಿದೆ. ಅದರ ಮುಂದೆ ಒಂದು ‘ಇ’ ಇಟ್ಟರೆ ‘ಇಸ್’ ಎಂಬ ತುಣುಕು ತಾನಾಗಿ ಹುಟ್ಟುತ್ತದೆ: 6ರಿಂದ 2ಕ್ಕೆ ಸಲೀಸಾದ ಇಳಿತ. ಹಿಂದೆ ಉಳಿದ ‘ಕೂ’ 1ರಿಂದ 6ಕ್ಕೆ ಏರುತ್ತದೆ. ‘ಸ್ಟೇಷನ್’ ‘ಇಸ್ಟೇಷನ್’ ಆಗುವುದೂ ‘ಸ್ತ್ರೀ’ ‘ಇಸ್ತ್ರೀ’ ಆಗುವುದೂ ಹೀಗೆಯೇ. ‘ಪ್ರಾಣ’ದ ಲೆಕ್ಕ ಬೇರೆ. ಪ 1, ರ 4, ಆ 6: ಏರು ಸರಿಯಾಗಿಯೇ ಇದೆ, ನಿಯಮ ಎಲ್ಲಿಯೂ ಮುರಿದಿಲ್ಲ.

ಹಾಗಾದರೆ ‘ಪರಾಣ’ ಏಕೆ ಎಂದು ನೀವು ಕೇಳಬೇಕು, ಕೇಳದಿದ್ದರೆ ಎಲ್ಲೋ ಬೇಗ ಓದಿದ್ದೀರಿ ಎಂದರ್ಥ. ಉತ್ತರ: ಅಚ್ಚಗನ್ನಡ ಪದಗಳು ಮೊದಲಲ್ಲಿ ಎರಡು ವ್ಯಂಜನಗಳನ್ನು ಸಾಮಾನ್ಯವಾಗಿ ಇಟ್ಟುಕೊಳ್ಳುವುದೇ ಇಲ್ಲ, ಏರಾಗಲಿ ಇಳಿಜಾರಾಗಲಿ. ಅದು ಕನ್ನಡದ್ದೇ ಆದ, ಇನ್ನೂ ಬಿಗಿಯಾದ ಕಟ್ಟಳೆ. ಸಂಸ್ಕೃತ, ಇಂಗ್ಲಿಷುಗಳ ಜೊತೆ ಒಡನಾಡಿದ ಬಾಯಿ ಅದನ್ನು ಸಡಿಲಿಸಿದೆ, ಹಳೆಯ ಬಾಯಿ ಸಡಿಲಿಸಿಲ್ಲ. ಅಂದರೆ ಜೋಡಿಯನ್ನು ಒಡೆಯಲೇಬೇಕು ಎಂದು ಹೇಳುವುದು ಕನ್ನಡದ ಕಟ್ಟಳೆ, ಎಲ್ಲಿ ಒಡೆಯಬೇಕು ಎಂದು ಹೇಳುವುದು ಶ್ರವ್ಯತೆ. ಈ ಎರಡನ್ನು ಕಲಸಿಬಿಟ್ಟರೆ ವಿಷಯವೆಲ್ಲ ಕೈತಪ್ಪಿಹೋಗುತ್ತದೆ.

ಇದಕ್ಕೆ ನನಗೆ ಇಷ್ಟವಾದ ಪುರಾವೆ ಒಂದೇ ಸಕಾರದಿಂದ ಶುರುವಾಗುವ ಎರಡು ಇಂಗ್ಲಿಷ್ ಪದಗಳು. ಸ್ಕೂಲು ‘ಇಸ್ಕೂಲು’ ಆಗುತ್ತದೆ, ಸ್ಲೇಟು ‘ಸಿಲೇಟು’ ಆಗುತ್ತದೆ. (ಬೆಳಗಾವಿ ಸೀಮೆಯವರು ಸ್ಲೇಟನ್ನು ಪಾಟಿ ಎಂದೇ ಕರೆದು ಈ ರಗಳೆಯಿಂದ ಪಾರಾಗಿದ್ದಾರೆ.) ಸೇರಿಸಿದ ಸ್ವರವೂ ಒಂದೇ, ‘ಇ’. ಜಾಗ ಮಾತ್ರ ಬೇರೆ. ಸ–ಕ ಎಂದರೆ 2–1, ಇಳಿತ, ಸ್ವರ ಮುಂದೆ. ಸ–ಲ ಎಂದರೆ 2–4, ಏರು, ಸ್ವರ ನಡುವೆ. ‘ಸ್ನೇಹ’ ‘ಸಿನೇಹ’ವಾಗುವುದೂ ‘ಶ್ರೀ’ ‘ಸಿರಿ’ಯಾಗುವುದೂ ಇದೇ ಲೆಕ್ಕ. ಶಾಲೆಯ ಮೆಟ್ಟಿಲು ಹತ್ತದವರು ಈ ಅಂಕಗಳನ್ನೆಲ್ಲ ತಪ್ಪದೆ ಎಣಿಸುತ್ತಾರೆ.

ಕಿವಿಯ ಕಡೆಯಿಂದ ನೋಡಿದರೂ ಇದು ಅರ್ಥವಾಗುತ್ತದೆ. ‘ಪ್ರಾ’ ಎನ್ನುವಾಗ ತುಟಿ ಬಿಚ್ಚಿದ ಕೂಡಲೇ ಕೊರಳಿನ ನಾದ ರಕಾರದೊಳಕ್ಕೆ ಹರಿಯುತ್ತದೆ, ಆ ಸಂದಿನಲ್ಲಿ ಅರೆಬರೆ ಸ್ವರದಂಥದ್ದು ಆಗಲೇ ಇದೆ. ಅದನ್ನು ಚೂರು ಎಳೆದರೆ ‘ಪರಾ’, ಕೇಳುವವರಿಗೆ ಪದ ಬದಲಾಗಿದ್ದು ಗೊತ್ತಾಗುವುದೂ ಕಷ್ಟ. ‘ಸ್ಕೂ’ನಲ್ಲಿ ಸಕಾರದ ಸುಯ್ಯೆನ್ನುವಿಕೆ ಕಕಾರದ ಮೌನಕ್ಕೆ ಹೋಗಿ ಬಡಿಯುತ್ತದೆ, ನಡುವೆ ನಾದವೇ ಇಲ್ಲ. ಅಲ್ಲಿ ಸ್ವರ ತುರುಕಿದರೆ ಪದದ ರೂಪವೇ ಕೆಡುತ್ತದೆ. ಆದ್ದರಿಂದ ಮುಂದಿಟ್ಟ ಸ್ವರವೇ ಮೂಲಕ್ಕೆ ಹತ್ತಿರ. 2001ರಲ್ಲಿ ಹೈಡಿ ಫ್ಲೈಶ್‌ಹ್ಯಾಕರ್ ಹಲವು ಭಾಷೆಗಳ ಎರವಲುಗಳನ್ನು ಇಟ್ಟುಕೊಂಡು ಈ ವಾದ ಮಂಡಿಸಿದರು. ಶ್ರವ್ಯತೆ ಎಂಬುದೇ ಸುತ್ತುಬಳಸಿದ ವಿವರಣೆ ಎಂದು ಧ್ವನಿವಿಜ್ಞಾನಿ ಜಾನ್ ಒಹಾಲ ದೂರಿದ್ದೂ ಉಂಟು: ಯಾವ ಜೋಡಿ ಸಿಗುತ್ತದೆ ಎಂದು ನೋಡಿ ಅಂಕ ಕೊಡುವುದು, ಆಮೇಲೆ ಅಂಕ ತೋರಿಸಿ ಜೋಡಿಯನ್ನು ವಿವರಿಸುವುದು. ದೂರಿನಲ್ಲಿ ಹುರುಳಿದೆ. ಆದರೆ ಅಂಕ ಗೊತ್ತಿಲ್ಲದ ಕನ್ನಡದ ಹಳೆಯ ಪದಗಳೂ ಅದೇ ಸಾಕ್ಷಿ ನುಡಿಯುತ್ತವೆ ಎಂಬುದನ್ನು ಮರೆಯಬಾರದು.

ಸ್ವರ ಸೇರಿಸುವುದಕ್ಕೆ ಬದಲು ಒಂದು ವ್ಯಂಜನವನ್ನೇ ಬಿಟ್ಟುಬಿಡುವುದು ಇನ್ನೊಂದು ದಾರಿ. ಸಂಸ್ಕೃತ ಪದ ಕನ್ನಡಕ್ಕೆ ಬಂದು ಹೇಗೆ ಮಾರ್ಪಡುತ್ತದೆ ಎಂಬುದಕ್ಕೆ 13ನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಅಪಭ್ರಂಶ ಪ್ರಕರಣವನ್ನೇ ಮೀಸಲಿಟ್ಟ. ಇಂಥ ತದ್ಭವಗಳಲ್ಲಿ ಎಷ್ಟೋ ಪ್ರಾಕೃತದ ಹಾದಿಯಲ್ಲಿ ಬಂದವು. ‘ಪ್ರಯಾಣ’ ‘ಪಯಣ’ವಾಯಿತು, ‘ಬ್ರಹ್ಮ’ ‘ಬೊಮ್ಮ’ನಾದ, ‘ಸ್ಥಾನ’ ‘ತಾಣ’ವಾಯಿತು. ಒಮ್ಮೆ ಎರಡನೆಯದು ಬಿದ್ದಿದೆ, ಒಮ್ಮೆ ಮೊದಲನೆಯದು. ಈ ಮೂರರಲ್ಲೂ ಉಳಿದದ್ದು ಕಡಿಮೆ ಅಂಕದ್ದು, ಅಂದರೆ ಸ್ವರದವರೆಗೆ ಎಲ್ಲಕ್ಕಿಂತ ಕಡಿದಾದ ಏರು ಕೊಡುವಂಥದ್ದು. ‘ಶ್ರಮಣ’ ‘ಸವಣ’ನಾದಾಗ, ‘ಸ್ವಾಮಿ’ ‘ಸಾಮಿ’ಯಾದಾಗ ಸಕಾರವೇ ಗೆದ್ದಿತು. ‘ಪ್ಲೇಟು’ ಎನ್ನಲು ಬಾರದ ಮಗು ‘ಪೇಟು’ ಎನ್ನುತ್ತದೆ, ‘ಸ್ಕೂಲಿ’ಗೆ ‘ಕೂಲು’ ಎನ್ನುತ್ತದೆ. ಅಲ್ಲೂ ಇದೇ ತೀರ್ಪು. ಮೊಂಡಾಟ ಮಾಡುವುದು ‘ನೇಹ’ ಮತ್ತು ‘ಮಸಣ’. ‘ಸ್ನೇಹ’ದಲ್ಲೂ ‘ಶ್ಮಶಾನ’ದಲ್ಲೂ 2 ಬಿದ್ದು 3 ಉಳಿದಿದೆ, ಲೆಕ್ಕ ತಲೆಕೆಳಗು. ಸಕಾರದ ಸಂಸಾರವೇ ಹೀಗೆ, ಅಂಕಕ್ಕೆ ಪೂರ್ತಿ ಬಗ್ಗುವುದಿಲ್ಲ. ಇಂಗ್ಲಿಷು ಇಷ್ಟೊಂದು ಇಳಿಜಾರಿನ ‘ಸ್ಕ’, ‘ಸ್ಟ’, ‘ಸ್ಪ’ಗಳನ್ನು ಪದದ ಮೊದಲಲ್ಲೇ ಸಾಕಿಕೊಂಡಿರುವುದೂ ಅದೇ ಮೊಂಡುತನದ ಇನ್ನೊಂದು ಮುಖ.

ಪದದ ಕೊನೆಗೆ ಬಂದರೆ ಕನ್ನಡದಲ್ಲಿ ನೋಡಲು ಏನೂ ಇಲ್ಲ ಎನ್ನಿಸುತ್ತದೆ. ಬಸ್ಸಿಗೂ ಕಾರಿಗೂ ಒಂದು ‘ಉ’ ಅಂಟಿಸಿ ನಾವು ಆ ಅಂಚನ್ನೇ ಮುಚ್ಚಿಬಿಟ್ಟಿದ್ದೇವೆ. ಆದರೆ ಹಳೆಯ ಆಡಳಿತದ ಮಾತಿನಲ್ಲಿ ಒಂದು ನಿಧಿಯಿದೆ. ಅಸಲು, ನಕಲು, ಫಸಲು, ಹುಕುಂ, ಖತಂ, ಜಖಂ: ಇವುಗಳ ಅರಬಿ, ಪಾರಸಿ ಮೂಲಗಳನ್ನು ಕನ್ನಡ ಲಿಪಿಯಲ್ಲಿ ಬರೆದರೆ ಅಸ್ಲ್, ನಕ್ಲ್, ಫಸ್ಲ್, ಹುಕ್ಮ್, ಖತ್ಮ್, ಜಖ್ಮ್. ಪ್ರತಿಯೊಂದರಲ್ಲೂ ಕೊನೆಯ ವ್ಯಂಜನದ ಅಂಕ ಅದರ ಹಿಂದಿನದಕ್ಕಿಂತ ಹೆಚ್ಚು. ಇಳಿಯಬೇಕಾದಲ್ಲಿ ಮತ್ತೆ ಏರಿದೆ, ನಡುವೆ ಸ್ವರ ಬಂದಿದೆ. ಅದೇ ಹಾದಿಯಲ್ಲಿ ಬಂದ ಖರ್ಚು, ದರ್ದು, ಸುಸ್ತು, ಮಸ್ತು, ಗಸ್ತು, ಬಂದೋಬಸ್ತು ನೋಡಿ. ಅವುಗಳ ಕೊನೆ ಖರ್ಚ್, ದರ್ದ್, ಮಸ್ತ್, ಎಲ್ಲವೂ ಇಳಿಜಾರು. ನಡುವೆ ಯಾರೂ ಬಂದಿಲ್ಲ.

ಇದರೊಳಗೆ ಒಂದು ಸೂಕ್ಷ್ಮವಿದೆ. ಕೊನೆಗೆ ‘ಉ’ ಹಚ್ಚುವ ಕನ್ನಡಕ್ಕೆ ಆ ನಡುವಿನ ಸ್ವರ ಬೇಕಾಗಿರಲೇ ಇಲ್ಲ. ‘ಹುಕ್ಮು’ ಎಂದಿದ್ದರೆ ಹುಕ್–ಮು ಎಂದು ಸುಸೂತ್ರವಾಗಿ ಒಡೆಯುತ್ತಿತ್ತು. ಹಾಗಿದ್ದೂ ಸ್ವರ ಇದೆ ಎಂದರೆ, ಅದನ್ನು ಹಾಕಿದ್ದು ವ್ಯಂಜನದಲ್ಲಿ ಪದ ಮುಗಿಸುವ ಬೇರೆ ಬಾಯಿಗಳು, ಅಂದರೆ ಹಿಂದುಸ್ತಾನಿ ಮತ್ತು ಮರಾಠಿ. ಪದ ನಮಗೆ ಸಿಕ್ಕಿದ್ದು ಆ ಹೊತ್ತಿಗೆ ರಿಪೇರಿಯಾಗಿ. ಹಿಂದಿಯವರು ‘ಅಸಲ್’ ಎನ್ನುತ್ತಾರೆ, ಆದರೆ ‘ಅಸ್ಲೀ’ ಎನ್ನುತ್ತಾರೆ. ‘ನಕಲ್’, ಆದರೆ ‘ನಕ್ಲೀ’. ಮುಂದೆ ‘ಈ’ ಬಂದ ಕೂಡಲೇ ಲಕಾರಕ್ಕೆ ಹೊಸ ತುಣುಕು ಸಿಗುತ್ತದೆ, ಅಂಚು ಅಂಚಾಗಿ ಉಳಿಯುವುದಿಲ್ಲ, ನಡುವಿನ ಸ್ವರ ಮಾಯ. ಸ್ವರ ಬಂದದ್ದು ಅಂಚಿನ ಕಾಟಕ್ಕೇ ಎನ್ನಲು ಇದಕ್ಕಿಂತ ನೇರವಾದ ಸಾಕ್ಷಿ ನಾನು ಕಂಡಿಲ್ಲ.

ಆದರೆ ನಿಯಮವನ್ನು ತಿರುಗಿಸಿ ಓದಬೇಡಿ. ಕೊನೆಯಲ್ಲಿ ಏರುವ ಜೋಡಿಗೆ ಸ್ವರ ಸೇರುತ್ತದೆ ಎಂದ ಮಾತ್ರಕ್ಕೆ ಇಳಿಯುವ ಜೋಡಿಗೆ ಸೇರಲೇಬಾರದು ಎಂದಿಲ್ಲ. ‘ಗರ್ಮ್’ನಲ್ಲಿ 4ರಿಂದ 3ಕ್ಕೆ ಇಳಿತವಿದೆ, ಬರೀ ಒಂದು ಮೆಟ್ಟಿಲು. ಅದು ಸಾಲದೇನೋ, ನಮಗೆ ಬಂದದ್ದು ‘ಗರಮ್’. ‘ಷರ್ತ್’ನಲ್ಲಿ 4ರಿಂದ 1ಕ್ಕೆ ಕಡಿದಾದ ಇಳಿತ, ಆದರೂ ಕನ್ನಡದಲ್ಲಿ ಅದು ‘ಷರತ್ತು’. ‘ಖರ್ಚು’ ಒಡೆಯದೆ ‘ಷರತ್ತು’ ಒಡೆದದ್ದು ಏಕೆ ಎಂಬುದನ್ನು ಶ್ರವ್ಯತೆಯೊಂದೇ ಹೇಳಲಾರದು. ಯಾವ ಕಾಲದಲ್ಲಿ, ಯಾರ ಬಾಯಿಂದ, ಕಾಗದದ ಮೂಲಕವೋ ಕಿವಿಯ ಮೂಲಕವೋ ಪದ ಬಂತು ಎಂದು ಹುಡುಕಬೇಕು.

ಆ ಹುಡುಕಾಟಕ್ಕೆ ಪ್ರಯೋಗಾಲಯ ಬೇಡ. ಕೊಗನೊಳ್ಳಿ, ಕಾಗವಾಡದಂಥ ಊರುಗಳಲ್ಲಿ ಒಂದೇ ಓಣಿಯಲ್ಲಿ ಕನ್ನಡದ ಮನೆಯೂ ಮರಾಠಿಯ ಮನೆಯೂ ಇರುತ್ತವೆ. ಷರತ್ತು, ಖರ್ಚು, ಗರಮ್, ಜಖಂ, ಹುಕುಂ, ಈ ಐದನ್ನು ಎರಡೂ ಮನೆಯ ಹಿರಿಯರ ಬಾಯಲ್ಲಿ ಕೇಳಿ ಫೋನಿನಲ್ಲಿ ಹಿಡಿದಿಡಿ. ಓದಿಸಬೇಡಿ, ಓದಿಸಿದರೆ ಲಿಪಿ ನಡುವೆ ಬಾಯಿ ಹಾಕುತ್ತದೆ. ‘ಹೊಲದ ದಾವೆ ಹೆಂಗಾತ್ರೀ?’ ಎಂದು ಕೇಳಿ ಸುಮ್ಮನೆ ಕೂತರೆ ಸಾಕು, ಅಸಲು, ನಕಲು, ಹುಕುಂಗಳೆಲ್ಲ ತಾವಾಗಿ ಬರುತ್ತವೆ. ಆಮೇಲೆ ಪ್ರತಿ ಪದಕ್ಕೂ ಎರಡು ವಿಷಯ ಗುರುತು ಹಾಕಿಕೊಳ್ಳಿ: ಕೊನೆಯ ಎರಡು ವ್ಯಂಜನಗಳ ನಡುವೆ ಸ್ವರ ಕೇಳಿಸಿತೇ, ಮತ್ತು ಪದದ ತುದಿಯಲ್ಲಿ ‘ಉ’ ಇತ್ತೇ. ತುದಿಯ ‘ಉ’ ಇದ್ದೂ ನಡುವಿನ ಸ್ವರ ಉಳಿದಿದ್ದರೆ ಆ ಪದ ಮೊದಲು ಇನ್ನೊಂದು ಭಾಷೆಯ ಅಂಚನ್ನು ದಾಟಿ ಬಂದಿದೆ ಎಂದು ಊಹಿಸಲು ಆಧಾರ ಸಿಕ್ಕಿತು.